ಮೇಷ್ಟ್ರ ರೀಫಂಡ್ ನಿಂತಿದ್ದೆಲ್ಲಿ? ಒಂದು ಪ್ರಕರಣ ಅಧ್ಯಯನ

ತುಮಕೂರಿನಲ್ಲಿ ನಾನು ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಜುಲೈ ತಿಂಗಳು ಮುಗಿದ ಮೇಲೆ ಬರುವವರಲ್ಲಿ ಹೆಚ್ಚಿನವರದು ಒಂದೇ ಮಾತು: "ರೀಫಂಡ್ ಇನ್ನೂ ಬಂದಿಲ್ಲ, ಒಂದು ಲೆಟರ್ ಬರೆದುಕೊಡಿ." ಬರೆಯೋದು ಕಷ್ಟವಲ್ಲ. ಆದರೆ ಏನು ಬರೆಯಬೇಕು ಅನ್ನೋದು ದುಡ್ಡು ಎಲ್ಲಿ ನಿಂತಿದೆ ಅನ್ನೋದರ ಮೇಲೆ ಹೋಗುತ್ತದೆ. ಇದನ್ನು ನನಗೆ ಚೆನ್ನಾಗಿ ಮನಗಾಣಿಸಿದ್ದು ಒಬ್ಬ ನಿವೃತ್ತ ಮೇಷ್ಟ್ರ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಊರು, ಬ್ಯಾಂಕು ಬಿಟ್ಟಿದ್ದೇನೆ, ಮೊತ್ತ ಮತ್ತು ದಿನಾಂಕಗಳನ್ನು ಸ್ವಲ್ಪ ಬದಲಿಸಿದ್ದೇನೆ.

ಹಿನ್ನೆಲೆ

ಮೇಷ್ಟ್ರು ಜಿಲ್ಲೆಯ ಒಂದು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ನಿವೃತ್ತಿಯಲ್ಲಿ ಬಂದ ಹಣವನ್ನು ಎಫ್‌ಡಿ ಇಟ್ಟಿದ್ದರು. 2022-23ರ ಹಣಕಾಸು ವರ್ಷದಲ್ಲಿ ಅವರಿಗೆ ಪಿಂಚಣಿ 3,84,000 ರೂಪಾಯಿ, ಎಫ್‌ಡಿ ಬಡ್ಡಿ 2,10,000 ರೂಪಾಯಿ. ಬಡ್ಡಿಯ ಮೇಲೆ ಬ್ಯಾಂಕು ಶೇ 10ರಂತೆ 21,000 ರೂಪಾಯಿ ತೆರಿಗೆಯನ್ನು ಟಿಡಿಎಸ್ ಅಂತ ಮೊದಲೇ ಹಿಡಿದಿತ್ತು.

ಲೆಕ್ಕ ಸರಳ. ಹಳೆಯ ತೆರಿಗೆ ಪದ್ಧತಿಯಲ್ಲಿ ಪಿಂಚಣಿಗೆ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, ಅರವತ್ತು ದಾಟಿದವರ ಠೇವಣಿ ಬಡ್ಡಿಗೆ 80ಟಿಟಿಬಿ ಅಡಿ ಇನ್ನೊಂದು 50,000. ಉಳಿದ ಆದಾಯ 4,94,000. ಐದು ಲಕ್ಷದ ಒಳಗಿದ್ದರಿಂದ 87ಎ ರಿಯಾಯಿತಿ ಸಿಗುತ್ತದೆ, ತೆರಿಗೆ ಸೊನ್ನೆ. ಹಿಡಿದ 21,000 ಪೂರ್ತಿ ವಾಪಸ್ ಬರಬೇಕು.

ಆದರೆ ಊರಿನ ಸೈಬರ್ ಸೆಂಟರಿನ ಹುಡುಗ ಜುಲೈ 26, 2023ರಂದು ರಿಟರ್ನ್ ಸಲ್ಲಿಸುವಾಗ 80ಟಿಟಿಬಿ ಹಾಕೋದನ್ನೇ ಮರೆತಿದ್ದ. ಆ ಒಂದು ಸಾಲು ಬಿಟ್ಟರೆ ಆದಾಯ ಐದು ಲಕ್ಷ ದಾಟುತ್ತದೆ, ರಿಯಾಯಿತಿ ಹೋಗುತ್ತದೆ, 19,552 ರೂಪಾಯಿ ತೆರಿಗೆ ಬೀಳುತ್ತದೆ. ರೀಫಂಡ್ ಬರೀ 1,450 ಆಗಿಬಿಡುತ್ತದೆ. ಬೆಂಗಳೂರಿನಲ್ಲಿರುವ ಮಗಳು ಇದನ್ನು ಗಮನಿಸಿ, ಸೆಪ್ಟೆಂಬರ್ 18ರಂದು ತನ್ನ ಲ್ಯಾಪ್‌ಟಾಪಿನಿಂದಲೇ ತಿದ್ದುಪಡಿ ರಿಟರ್ನ್ ಸಲ್ಲಿಸಿ, ಅಪ್ಪನ ಆಧಾರ್ ಒಟಿಪಿ ಫೋನಿನಲ್ಲಿ ಕೇಳಿಕೊಂಡು ಅವತ್ತೇ ವೆರಿಫೈ ಮಾಡಿದಳು. ಸರಿಯಾದ ಕೆಲಸವನ್ನೇ ಮಾಡಿದ್ದಳು. ಆದರೆ ಹೊಸ ಸ್ವೀಕೃತಿಯ ಪಿಡಿಎಫ್ ಅವಳ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ಮೇಷ್ಟ್ರ ಫೈಲಿನಲ್ಲಿ ಇದ್ದದ್ದು ಜುಲೈ ತಿಂಗಳ ಹಳೆಯ ಹಾಳೆ ಮಾತ್ರ.

ಬರೆದ ಪತ್ರಗಳು

2024ರ ಫೆಬ್ರವರಿ ಬಂದರೂ ದುಡ್ಡು ಬರಲಿಲ್ಲ. ಮೇಷ್ಟ್ರ ಶ್ರೀಮತಿಯವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಬೇಕಿತ್ತು, ಈ ಹಣ ಅದಕ್ಕೆ ಅಂತ ಲೆಕ್ಕ ಹಾಕಿಕೊಂಡಿದ್ದರು. ಮೊದಲ ಪತ್ರವನ್ನು ಕೈಯಲ್ಲೇ ಬರೆದರು. ಅದರ ಪ್ರತಿ ನಾನು ನೋಡಿದ್ದೇನೆ. ಎರಡು ಪುಟ, ಅಕ್ಷರ ಮುತ್ತಿನ ಹಾಗಿವೆ. "ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿ, ಒಂದು ಪೈಸೆ ತೆರಿಗೆ ತಪ್ಪಿಸದೆ ಬದುಕಿದವನು ನಾನು" ಅಂತ ಶುರುವಾಗುತ್ತದೆ. ಅದರಲ್ಲಿ ಪ್ಯಾನ್ ಇಲ್ಲ, ವರ್ಷ ಇಲ್ಲ, ಸ್ವೀಕೃತಿ ಸಂಖ್ಯೆಯೂ ಇಲ್ಲ. ಬಸ್ಸು ಹಿಡಿದು ತುಮಕೂರಿಗೆ ಬಂದು ತೆರಿಗೆ ಕಚೇರಿಯಲ್ಲಿ ಕೊಟ್ಟರು. ಅಲ್ಲಿದ್ದವರು ಪತ್ರ ತೆಗೆದುಕೊಂಡರು, ಆದರೆ ರಿಟರ್ನ್ ಪರಿಶೀಲನೆ ಮತ್ತು ರೀಫಂಡ್ ಬೆಂಗಳೂರಿನಲ್ಲಿರುವ ಇಲಾಖೆಯ ಕೇಂದ್ರ ಪರಿಶೀಲನಾ ಕಚೇರಿ ಸಿಪಿಸಿಯಿಂದ ಆಗುತ್ತದೆ, ಇಲಾಖೆಯ ಪೋರ್ಟಲ್‌ನಲ್ಲಿ ದೂರು ಹಾಕಿ ಅಂದರು. ಅವರು ಹೇಳಿದ್ದು ನಿಜವೇ.

ಜೂನ್‌ನಲ್ಲಿ ಸೈಬರ್ ಸೆಂಟರಿನಿಂದ ಮೊದಲ ದೂರು ಹೋಯಿತು. ಅದರಲ್ಲಿ ವರ್ಷ ಅಂತ ಇದ್ದದ್ದು 2022-23. ಮೇಷ್ಟ್ರ ಪ್ರಕಾರ ಅದು ಸರಿ, ಯಾಕೆಂದರೆ ಬಡ್ಡಿ ಬಂದದ್ದು, ಟಿಡಿಎಸ್ ಹಿಡಿದದ್ದು ಅದೇ ವರ್ಷ. ಆದರೆ ತೆರಿಗೆ ಇಲಾಖೆ ದಾಖಲೆ ಹುಡುಕೋದು ಅಸೆಸ್‌ಮೆಂಟ್ ವರ್ಷದ ಮೇಲೆ, ಅಂದರೆ ಆದಾಯ ಬಂದ ವರ್ಷದ ಮುಂದಿನ ವರ್ಷ. ಇವರದು 2023-24. ಅಸೆಸ್‌ಮೆಂಟ್ ವರ್ಷ 2022-23ಕ್ಕೂ ಮೇಷ್ಟ್ರಿಗೆ ಒಂದು ಸಣ್ಣ ರೀಫಂಡ್ ಇತ್ತು, ಅದು ಆಗಲೇ ಅವರ ಹಳೆಯ ಸಂಬಳದ ಖಾತೆಗೆ ಬಂದಿತ್ತು. ಹಾಗಾಗಿ ಉತ್ತರ ಬಂತು: ಈ ವರ್ಷದ ರೀಫಂಡ್ ಜಮಾ ಆಗಿದೆ, ದೂರು ಮುಕ್ತಾಯ. ಮೇಷ್ಟ್ರು ಇದನ್ನು ಓದಿ ತುಂಬ ನೊಂದುಕೊಂಡರು. ಬಾರದ ದುಡ್ಡನ್ನು ಬಂದಿದೆ ಅಂತಾರಲ್ಲ ಅಂತ ಅವರ ಸಂಕಟ. ಉತ್ತರ ಕೊಟ್ಟವರ ಮುಂದೆ ಇದ್ದ ದಾಖಲೆಯಲ್ಲಿ ಅದು ನಿಜವಾಗಿತ್ತು ಅನ್ನೋದು ಅವರಿಗೆ ಗೊತ್ತಾಗುವ ದಾರಿ ಇರಲಿಲ್ಲ.

ಆಗಸ್ಟ್‌ನಲ್ಲಿ ಎರಡನೇ ದೂರು. ಈ ಸಲ ಯಾರೋ ಹೇಳಿ ವರ್ಷ ಸರಿಮಾಡಿಸಿದ್ದರು. ಸ್ವೀಕೃತಿ ಸಂಖ್ಯೆಯನ್ನೂ ಹಾಕಿದ್ದರು, ಆದರೆ ಫೈಲಿನಲ್ಲಿದ್ದ ಜುಲೈ ತಿಂಗಳದ್ದು. ಈ ಸ್ವೀಕೃತಿ ಸಂಖ್ಯೆಯ ರಿಟರ್ನ್ ಬದಲಿಗೆ ತಿದ್ದುಪಡಿ ರಿಟರ್ನ್ ಸಲ್ಲಿಕೆಯಾಗಿದೆ ಅನ್ನುವಷ್ಟೇ ಉತ್ತರ ಬಂತು. ದೂರು ಮತ್ತೆ ಮುಕ್ತಾಯ.

ಪೋರ್ಟಲ್‌ನಲ್ಲಿ ಕಂಡದ್ದು

ಸೆಪ್ಟೆಂಬರ್‌ನಲ್ಲಿ ಅವರು ನನ್ನ ಹತ್ತಿರ ಬಂದಾಗ ದೆಹಲಿಗೆ ಬರೆಯೋ ಯೋಚನೆಯಲ್ಲಿದ್ದರು. "ಮಂತ್ರಿಗಳಿಗೇ ಬರೆದುಬಿಡೋಣ ಕಣಪ್ಪ, ಕೆಳಗಿನವರು ಕಿವಿಗೆ ಹಾಕ್ಕೊಳ್ಳಲ್ಲ," ಅಂದರು. "ಸಾರ್, ಬರೆಯೋಣ. ಮೊದಲು ಒಂದು ಸಲ ಲಾಗಿನ್ ಆಗಿ ನೋಡೋಣ," ಅಂದೆ.

ಈ ಪ್ರಕರಣ ತಿರುಗಿದ್ದು ಅಲ್ಲೇ. `View Filed Returns` ತೆರೆದರೆ ಅಸೆಸ್‌ಮೆಂಟ್ ವರ್ಷ 2023-24ರ ಅಡಿ ಎರಡು ರಿಟರ್ನ್ ಕಂಡವು. ಎರಡಕ್ಕೂ ಹದಿನೈದು ಅಂಕಿಯ ಸ್ವೀಕೃತಿ ಸಂಖ್ಯೆ. ಈಗಿನ ಪೋರ್ಟಲ್‌ನ ಸಂಖ್ಯೆಗಳಲ್ಲಿ ಕೊನೆಯ ಆರು ಅಂಕಿ ಸಲ್ಲಿಸಿದ ದಿನಾಂಕ. ಒಂದು 260723 ಅಂತ ಮುಗಿಯುತ್ತಿತ್ತು, ಇನ್ನೊಂದು 180923 ಅಂತ. ಕೈಯಲ್ಲಿರುವ ಹಾಳೆ ಯಾವ ರಿಟರ್ನಿನದು ಅಂತ ತಿಳಿಯಲು ಇದಕ್ಕಿಂತ ಸುಲಭದ ಗುರುತು ಇಲ್ಲ. ಮೇಷ್ಟ್ರ ಫೈಲಿನ ಹಾಳೆ ತೆಗೆದು ಕೊನೆಯ ಆರು ಅಂಕಿ ಓದಿ ಅಂದೆ. ಎರಡು ಆರು, ಸೊನ್ನೆ ಏಳು, ಎರಡು ಮೂರು ಅಂತ ಓದಿದರು. ಪರದೆ ನೋಡಿದರು. ಮತ್ತೆ ಹಾಳೆ ನೋಡಿದರು. "ಹಾಗಾದ್ರೆ ಇಷ್ಟು ದಿನ ನಾನು ಇಲ್ಲದ ರಿಟರ್ನಿಗೆ ದುಡ್ಡು ಕೇಳ್ತಿದ್ನಾ?" ಅಂದರು.

ಅದಕ್ಕಿಂತ ಮುಖ್ಯವಾದದ್ದು ಕೆಳಗಿತ್ತು. ತಿದ್ದುಪಡಿ ರಿಟರ್ನ್ ನವೆಂಬರ್ 9, 2023ರಂದೇ ಪರಿಶೀಲನೆಯಾಗಿ, ಅದರ ಫಲಿತಾಂಶ ತಿಳಿಸುವ 143(1) ಇಂಟಿಮೇಷನ್ ಹೊರಟಿತ್ತು. 21,000ಕ್ಕೆ ಬಡ್ಡಿ ಸೇರಿಸಿ 21,840 ರೂಪಾಯಿ ಮಂಜೂರಾಗಿತ್ತು. ಅಂದರೆ ಮೇಷ್ಟ್ರು ಮೊದಲ ಪತ್ರ ಬರೆಯುವ ಮೂರು ತಿಂಗಳ ಮುಂಚೆಯೇ ಇಲಾಖೆ ಅವರ ಲೆಕ್ಕ ಒಪ್ಪಿ ಆಗಿತ್ತು. ರೀಫಂಡ್ ಸ್ಥಿತಿಯಲ್ಲಿ ಮಾತ್ರ `Refund failed` ಅಂತಿತ್ತು. ಹಣ ಕಳಿಸಿದ್ದರು, ಖಾತೆಗೆ ಸೇರಿರಲಿಲ್ಲ.

ಕಾರಣ ನಮ್ಮ ಕಡೆ ತುಂಬ ಮನೆಗಳಲ್ಲಿ ಇರುವಂಥದ್ದು. ನಿವೃತ್ತಿಯಾದ ಮೇಲೆ ಮೇಷ್ಟ್ರು ಸಂಬಳದ ಖಾತೆ ಮುಚ್ಚಿ, ಮನೆ ಹತ್ತಿರದ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಅಲ್ಲಿ ಹೆಸರು ಎರಡು ಇನಿಷಿಯಲ್ ಜೊತೆ ಇತ್ತು. ಪ್ಯಾನ್ ಕಾರ್ಡಿನಲ್ಲಿ ಆ ಇನಿಷಿಯಲ್ ಬಿಡಿಸಿ ಊರ ಹೆಸರು, ತಂದೆ ಹೆಸರು ಪೂರ್ತಿ ಬರೆದಿದೆ. ಪೋರ್ಟಲ್‌ನ `My Bank Account` ಪುಟದಲ್ಲಿ ಆ ಖಾತೆಯ ಎದುರು ಹೆಸರು ತಾಳೆಯಾಗದೆ ಖಾತೆಯ ಪರಿಶೀಲನೆ, ಅಂದರೆ ವ್ಯಾಲಿಡೇಷನ್, ಸೋತಿದೆ ಅಂತ ತೋರಿಸುತ್ತಿತ್ತು. ವ್ಯಾಲಿಡೇಟ್ ಆಗಿ, ರೀಫಂಡಿಗೆ ಅಂತ ಆರಿಸಿದ ಖಾತೆಗೆ ಮಾತ್ರ ಹಣ ಬರುತ್ತದೆ.

ಇಷ್ಟೆಲ್ಲ ತಿಳಿಸುವ ಮೇಲ್ ಇಲಾಖೆಯಿಂದ ಬಂದಿರಲಿಲ್ಲವಾ? ಬಂದಿತ್ತು. ಪೋರ್ಟಲ್‌ನಲ್ಲಿ ನೋಂದಾಯಿಸಿದ್ದ ಇಮೇಲ್ ಸೈಬರ್ ಸೆಂಟರಿನದು. ಒಂದೇ ಇಮೇಲ್‌ಗೆ ಎಷ್ಟೋ ಜನರ ಸಂದೇಶ ಬರುವ ಆ ಪೆಟ್ಟಿಗೆಯಲ್ಲಿ ಮೇಷ್ಟ್ರ ಇಂಟಿಮೇಷನ್ ಹತ್ತು ತಿಂಗಳು ಯಾರೂ ತೆರೆಯದೆ ಬಿದ್ದಿತ್ತು. ಆ ಹುಡುಗನನ್ನು ದೂರುವ ಮನಸ್ಸು ನನಗಿಲ್ಲ. ಇಮೇಲ್ ಇಲ್ಲ ಅಂದವರಿಗೆ ಉಪಕಾರ ಅಂತಲೇ ತನ್ನದು ಹಾಕಿದ್ದ. ಆದರೆ ನಿಮ್ಮ ಪ್ಯಾನ್‌ಗೆ ಯಾರ ಇಮೇಲ್, ಯಾರ ಮೊಬೈಲ್ ನಂಬರ್ ಇದೆ ಅಂತ ಇವತ್ತೇ ಒಮ್ಮೆ ನೋಡಿಕೊಳ್ಳಿ ಅಂತ ನಾನು ಕಳಕಳಿಯಿಂದ ಕೇಳುತ್ತೇನೆ. ಇಂಥ ಪ್ರಕರಣ ನನ್ನ ಮೇಜಿಗೆ ಪ್ರತಿ ವರ್ಷ ಬರುತ್ತದೆ.

ಮೊದಲು ಬ್ಯಾಂಕು, ಆಮೇಲೆ ಪತ್ರ

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ತಕ್ಷಣ ಮೂರನೇ ದೂರು ಹಾಕಬಹುದಿತ್ತು, ಮೇಷ್ಟ್ರಿಗೂ ಅದೇ ಆತುರ. ಬೇಡ ಅಂದೆ. ಖಾತೆ ಸರಿಯಾಗದೆ ಪತ್ರ ಹೋದರೆ ಬರುವ ಉತ್ತರ ಒಂದೇ: ಖಾತೆ ಸರಿಮಾಡಿ, ರೀಫಂಡನ್ನು ಮತ್ತೆ ಕಳಿಸಲು ಮರುಪಾವತಿ ಕೋರಿಕೆ ಸಲ್ಲಿಸಿ. ಅದಕ್ಕೆ ಇನ್ನೊಂದು ತಿಂಗಳು ಹೋಗುತ್ತದೆ.

ಮೇಷ್ಟ್ರು ಪ್ಯಾನ್, ಆಧಾರ್ ಪ್ರತಿ ಮತ್ತು ಒಂದು ಅರ್ಜಿ ಹಿಡಿದು ಬ್ಯಾಂಕಿಗೆ ಹೋದರು. ಪ್ಯಾನ್‌ನಲ್ಲಿರುವ ಹಾಗೇ ಹೆಸರು ತಿದ್ದಿ ಅಂತ ಕೇಳಿದರು. ಐದು ದಿನದಲ್ಲಿ ಆಯಿತು. ಈ ಮಧ್ಯೆ ಪೋರ್ಟಲ್‌ನಲ್ಲಿ ಇಮೇಲ್, ಮೊಬೈಲ್ ಎರಡನ್ನೂ ಅವರದೇ ಮಾಡಿಸಿದೆ. ಖಾತೆಯನ್ನು ಮತ್ತೆ ವ್ಯಾಲಿಡೇಟ್‌ಗೆ ಹಾಕಿದಾಗ ಈ ಸಲ ಒಪ್ಪಿಕೊಂಡಿತು. ಅಕ್ಟೋಬರ್ 3, 2024ರಂದು `Services` ಅಡಿಯ `Refund Reissue` ಪುಟದಲ್ಲಿ ಆ ವರ್ಷದ ರಿಟರ್ನ್ ಆರಿಸಿ, ಖಾತೆ ಆರಿಸಿ, ಆಧಾರ್ ಒಟಿಪಿಯಿಂದ ವೆರಿಫೈ ಮಾಡಿ ಕೋರಿಕೆ ಸಲ್ಲಿಸಿದೆವು.

ಸಾಮಾನ್ಯವಾಗಿ ಇಷ್ಟಕ್ಕೇ ಕೆಲಸ ಮುಗಿಯುತ್ತದೆ. ಇವರದು ಮುಗಿಯಲಿಲ್ಲ. ಏಳು ವಾರ ಕಳೆದರೂ ಕೋರಿಕೆ ಹಾಗೇ ನಿಂತಿತ್ತು. ಈಗ ಬರೆಯುವ ಹೊತ್ತು ಬಂತು. ಮೇಷ್ಟ್ರ ಕಡೆ ತಪ್ಪು ಏನೂ ಉಳಿದಿರಲಿಲ್ಲ, ಕೇಳಬೇಕಾದ್ದು ಏನು ಅಂತಲೂ ನಿಖರವಾಗಿ ಗೊತ್ತಿತ್ತು.

ನವೆಂಬರ್ 25ರಂದು ಪೋರ್ಟಲ್‌ನ `Grievances` ವಿಭಾಗದಲ್ಲಿ ಸಿಪಿಸಿಗೆ ಅಂತ ಆರಿಸಿ ಇಂಗ್ಲಿಷಿನಲ್ಲಿ ಪತ್ರ ಹಾಕಿದೆವು. ಅದಕ್ಕೂ ಮೊದಲು ಮೇಷ್ಟ್ರು ಒಪ್ಪಲಿ ಅಂತ ಕನ್ನಡದಲ್ಲಿ ಬರೆದು ಓದಿದ್ದೆ. ಅದು ಹೀಗಿತ್ತು:

> ವಿಷಯ: ಅಸೆಸ್‌ಮೆಂಟ್ ವರ್ಷ 2023-24ರ ರೀಫಂಡ್ ಮರುಪಾವತಿ ಕೋರಿಕೆ 03.10.2024ರಿಂದ ಬಾಕಿ ಇರುವ ಬಗ್ಗೆ
>
> ಮಾನ್ಯರೇ,
>
> ನನ್ನ ಪ್ಯಾನ್ XXXXX0000X. ಅಸೆಸ್‌ಮೆಂಟ್ ವರ್ಷ 2023-24ಕ್ಕೆ, ಅಂದರೆ ಹಣಕಾಸು ವರ್ಷ 2022-23ರ ಆದಾಯಕ್ಕೆ, ಐಟಿಆರ್-1 ಸಲ್ಲಿಸಿದ್ದೇನೆ. ಮೂಲ ರಿಟರ್ನಿನ ಸ್ವೀಕೃತಿ ಸಂಖ್ಯೆ XXXXXXXXX260723. ಅದರ ಬದಲಿಗೆ 18.09.2023ರಂದು ತಿದ್ದುಪಡಿ ರಿಟರ್ನ್ ಸಲ್ಲಿಸಿ ಅದೇ ದಿನ ವೆರಿಫೈ ಮಾಡಿದ್ದೇನೆ. ಅದರ ಸ್ವೀಕೃತಿ ಸಂಖ್ಯೆ XXXXXXXXX180923. ಈ ಪತ್ರ ತಿದ್ದುಪಡಿ ರಿಟರ್ನಿಗೆ ಸಂಬಂಧಿಸಿದ್ದು.
>
> ಈ ರಿಟರ್ನ್ 09.11.2023ರ 143(1) ಇಂಟಿಮೇಷನ್ ಪ್ರಕಾರ ಪರಿಶೀಲನೆಯಾಗಿ 21,840 ರೂಪಾಯಿ ರೀಫಂಡ್ ಮಂಜೂರಾಗಿದೆ. ಬ್ಯಾಂಕ್ ಖಾತೆಯ ಹೆಸರು ಪ್ಯಾನ್ ಜೊತೆ ತಾಳೆಯಾಗದ ಕಾರಣ ಹಣ ಜಮಾ ಆಗಲಿಲ್ಲ. ಈಗ ಹೆಸರು ಸರಿಪಡಿಸಿದ್ದೇನೆ. ಕೊನೆಯ ನಾಲ್ಕು ಅಂಕಿ 0000 ಇರುವ ಖಾತೆ ವ್ಯಾಲಿಡೇಟ್ ಆಗಿದೆ, ರೀಫಂಡಿಗೆ ಅದನ್ನೇ ಆರಿಸಿದ್ದೇನೆ.
>
> 03.10.2024ರಂದು ಮರುಪಾವತಿ ಕೋರಿಕೆ ಸಲ್ಲಿಸಿದ್ದೇನೆ. ಇಲ್ಲಿಯವರೆಗೆ ಹಣ ಬಂದಿಲ್ಲ. ನನ್ನ ಮೇಲೆ ಯಾವ ಹಳೆಯ ತೆರಿಗೆ ಬಾಕಿಯೂ ಪೋರ್ಟಲ್‌ನಲ್ಲಿ ಕಾಣುತ್ತಿಲ್ಲ. ದಯವಿಟ್ಟು ರೀಫಂಡ್ ಮರುಪಾವತಿ ಮಾಡಿ. ಅಡ್ಡಿ ಇದ್ದರೆ ಅದು ಏನು ಅಂತ ತಿಳಿಸಿ.
>
> ಲಗತ್ತು: ಇಂಟಿಮೇಷನ್ ಪ್ರತಿ, ತಿದ್ದುಪಡಿ ರಿಟರ್ನಿನ ಸ್ವೀಕೃತಿ, ಹೆಸರು ಮತ್ತು ಐಎಫ್‌ಎಸ್‌ಸಿ ಕಾಣುವ ಪಾಸ್‌ಬುಕ್ ಪುಟ.

ಓದಿ ಮುಗಿಸಿದಾಗ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ನೆ ಇದ್ದರು. "ಕಣ್ಣಿನ ಆಪರೇಷನ್ ವಿಚಾರ ಬರೆಯಲೇ ಇಲ್ವಲ್ಲಪ್ಪ," ಅಂದರು. ನಿಜ, ನನಗೂ ಬರೆಯಬೇಕು ಅನ್ನಿಸಿತ್ತು. ಆದರೆ ಆ ಕಡೆ ಕುಳಿತವರು ಪ್ಯಾನ್, ವರ್ಷ, ಸಂಖ್ಯೆ ಇಟ್ಟುಕೊಂಡು ದಾಖಲೆ ತೆರೆಯುತ್ತಾರೆ. ಮೊದಲ ಮೂರು ಸಾಲಿನಲ್ಲಿ ಅದು ಸಿಗದಿದ್ದರೆ ಉಳಿದದ್ದಕ್ಕೆ ಅವರು ಬರುವುದೇ ಇಲ್ಲ.

ಎರಡೂ ಸ್ವೀಕೃತಿ ಸಂಖ್ಯೆ ಬರೆದದ್ದು ಬೇಕೆಂದೇ. ಒಂದನ್ನೇ ಬರೆದರೆ ಓದುವವರಿಗೆ ಇನ್ನೊಂದು ಕಂಡು ಗೊಂದಲವಾಗುತ್ತದೆ. ಹಳೆಯ ಬಾಕಿ ಇಲ್ಲ ಅನ್ನುವ ಸಾಲನ್ನು `Pending Actions` ಅಡಿಯ `Response to Outstanding Demand` ಪುಟ ನೋಡಿಯೇ ಬರೆದದ್ದು. ಅಲ್ಲಿ ಬಾಕಿ ಇದ್ದಿದ್ದರೆ ಪತ್ರವೇ ಬೇರೆಯಾಗುತ್ತಿತ್ತು. ರೀಫಂಡನ್ನು ಹಳೆಯ ಬಾಕಿಗೆ ಹೊಂದಿಸಿಕೊಳ್ಳಲು 245ನೇ ಸೆಕ್ಷನ್ ಅಡಿ ನೋಟಿಸ್ ಬರುತ್ತದೆ. ಉತ್ತರಿಸಲು 21 ದಿನ ಇರುತ್ತದೆ. ಆ ಬಾಕಿ ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಊರಿನ ಕಚೇರಿಯ ಅಸೆಸಿಂಗ್ ಆಫೀಸರಿಗೂ ಬರೆಯಬೇಕಾಗುತ್ತದೆ.

ಇನ್ನು ರಿಟರ್ನ್ ಪರಿಶೀಲನೆಯೇ ಆಗಿಲ್ಲ ಅನ್ನೋದಾದರೆ ಬರೆಯುವ ಮುಂಚೆ ಕಾನೂನಿನ ಗಡುವು ಗೊತ್ತಿರಬೇಕು. ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳವರೆಗೆ ಇಂಟಿಮೇಷನ್ ಕಳಿಸಬಹುದು. ಮೇಷ್ಟ್ರ ರಿಟರ್ನಿಗೆ ಆ ಗಡುವು ಡಿಸೆಂಬರ್ 31, 2024. ಅದಕ್ಕೆ ಮುಂಚೆ ವಿಚಾರಿಸಿ ಬರೆಯಬಹುದು, ಗಡುವು ಮೀರಿದೆ ಅಂತ ಬರೆಯೋಕೆ ಆಗಲ್ಲ.

ಏನಾಯಿತು

ಹತ್ತು ದಿನಕ್ಕೆ ಉತ್ತರ ಬಂತು: ಮರುಪಾವತಿಗೆ ಕ್ರಮ ಆಗಿದೆ, ರೀಫಂಡ್ ಬ್ಯಾಂಕರ್‌ಗೆ ಕಳಿಸಲಾಗಿದೆ. ಡಿಸೆಂಬರ್ 16ರಂದು ಹಣ ಖಾತೆಗೆ ಬಿತ್ತು, 21,840 ರೂಪಾಯಿ. ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಮೇಷ್ಟ್ರು ಸೀದಾ ನನ್ನ ಅಂಗಡಿಗೆ ಬಂದರು. ಸಾಲಿನಲ್ಲಿ `ITDTAX REFUND 2023-24` ಅಂತ ಇತ್ತು. ಆ ವರ್ಷದ ಮೇಲೆ ಬೆರಳಿಟ್ಟು ತೋರಿಸಿದರು. ಅಷ್ಟರಲ್ಲಿ ಮಗಳು ದುಡ್ಡು ಹೊಂದಿಸಿ ಆಪರೇಷನ್ ಮಾಡಿಸಿ ಆಗಿತ್ತು, ಇದು ಅವಳಿಗೆ ವಾಪಸ್ ಕೊಡಲು ಆಯಿತು.

ಒಂದು ವಿಷಯದಲ್ಲಿ ಮಾತ್ರ ಅವರು ಸೋತರು, ಅದನ್ನೂ ಹೇಳಬೇಕು. ರೀಫಂಡಿಗೆ 244ಎ ಪ್ರಕಾರ ತಿಂಗಳಿಗೆ ಅಥವಾ ತಿಂಗಳ ಭಾಗಕ್ಕೆ ಶೇ 0.5 ಬಡ್ಡಿ ಇದೆ. ಮೂಲ ರಿಟರ್ನ್ ಗಡುವಿನ ಒಳಗೆ ಸಲ್ಲಿಸಿದ್ದರಿಂದ ಬಡ್ಡಿ ಏಪ್ರಿಲ್ 1, 2023ರಿಂದ ಶುರುವಾಯಿತು. ನವೆಂಬರ್ 2023ರವರೆಗೆ ಎಂಟು ತಿಂಗಳು, ಶೇ 4, ಅಂದರೆ 840 ರೂಪಾಯಿ. ಆಮೇಲಿನ ಹದಿಮೂರು ತಿಂಗಳಿಗೆ ಬಡ್ಡಿ ಬರಲಿಲ್ಲ. ವಿಳಂಬಕ್ಕೆ ಕಾರಣ ತೆರಿಗೆದಾರರ ಕಡೆಯದಾದರೆ ಆ ಅವಧಿ ಬಿಟ್ಟು ಲೆಕ್ಕ ಹಾಕಲು ಅದೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಖಾತೆಯ ಹೆಸರು ತಾಳೆಯಾಗದ್ದು ನಮ್ಮ ಕಡೆಯ ಕಾರಣವೇ. ಅಕ್ಟೋಬರ್ 3ರ ನಂತರದ ಕಾಲಕ್ಕೆ ಕೇಳೋಣವೇ ಅಂತ ಯೋಚಿಸಿದೆವು. ಮೂರು ತಿಂಗಳಿಗೆ 315 ರೂಪಾಯಿ. ಮೇಷ್ಟ್ರೇ ಬೇಡ ಅಂದರು. ಮೊತ್ತ ದೊಡ್ಡದಿದ್ದರೆ ನಾನು ಕೇಳಿ ಅಂತಲೇ ಹೇಳುತ್ತಿದ್ದೆ.

ಈ ಪ್ರಕರಣದ ನಂತರ ನಾನು ನನ್ನ ಕೆಲಸದ ಕ್ರಮ ಬದಲಿಸಿದೆ. ರೀಫಂಡ್ ಪತ್ರ ಬೇಕು ಅಂತ ಬಂದವರಿಗೆ ಮೊದಲು ಲಾಗಿನ್ ತೆರೆಸುತ್ತೇನೆ. ಪರಿಶೀಲನೆ ಆಗಿದೆಯಾ, ಹಣ ಕಳಿಸಿ ವಾಪಸ್ ಹೋಗಿದೆಯಾ, ಹಳೆಯ ಬಾಕಿ ಅಡ್ಡ ಬಂದಿದೆಯಾ ಅಂತ ನೋಡಿ ಆಮೇಲೆ ಪೆನ್ನು ಹಿಡಿಯುತ್ತೇನೆ. ವರ್ಷವನ್ನು ಯಾವಾಗಲೂ ಎರಡೂ ರೀತಿ ಬರೆಯುತ್ತೇನೆ, ಅಸೆಸ್‌ಮೆಂಟ್ ವರ್ಷ ಮೊದಲು, ಹಣಕಾಸು ವರ್ಷ ಆಮೇಲೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಏಪ್ರಿಲ್ 1, 2026ರಿಂದ ಇವೆರಡರ ಜಾಗದಲ್ಲಿ ತೆರಿಗೆ ವರ್ಷ ಅನ್ನುವ ಒಂದೇ ಹೆಸರು ಬರುತ್ತದೆ. ಮೇಷ್ಟ್ರಂಥವರಿಗೆ ಅದು ದೊಡ್ಡ ಅನುಕೂಲ. ಆದರೆ ಹಿಂದಿನ ವರ್ಷಗಳ ಬಾಕಿ ರೀಫಂಡಿಗೆ ಬರೆಯುವಾಗ ಅಸೆಸ್‌ಮೆಂಟ್ ವರ್ಷವನ್ನೇ ಬರೆಯಬೇಕು.

ಅವತ್ತು ಹೊರಡುವ ಮುಂಚೆ ಮೇಷ್ಟ್ರಿಗೆ ಒಂದು ಮಾತು ಹೇಳಿದೆ. 21,000 ನಿಮ್ಮದೇ ದುಡ್ಡು, ಅದಕ್ಕೆ ತೆರಿಗೆ ಇಲ್ಲ. ಆದರೆ ಬಡ್ಡಿಯ 840 ರೂಪಾಯಿ ಆದಾಯ ಆಗುತ್ತೆ ಸಾರ್, ಹಣ ಬಂದ ವರ್ಷದ ರಿಟರ್ನಿನಲ್ಲಿ ಇತರ ಮೂಲದ ಆದಾಯ ಅಂತ ತೋರಿಸಬೇಕು. ಅವರು ಚೀಲದಿಂದ ಡೈರಿ ತೆಗೆದು ಬರೆದುಕೊಂಡರು. ಬರೆಯುತ್ತಾ ತಲೆಯೆತ್ತಿ ಕೇಳಿದರು: "ಬಂದದ್ದು 2024-25ರಲ್ಲಿ. ಹಾಗಾದ್ರೆ ಅಸೆಸ್‌ಮೆಂಟ್ ವರ್ಷ 2025-26, ಅಲ್ವಾ?"